ಬಾಟ್ಲಿ ಎಷ್ಟೊತ್ತಿಗೆ ತೆಗೆದ್ರಿ, ಸಿಸ್ಟರ್?

1/7

ಫೋಟೊದಲ್ಲಿ ಕಾಣೋ ನೀಲಿ ಡಬ್ಬಿ ಐಸ್‌ಕ್ರೀಮ್ ಮಾರೋರದ್ದಲ್ಲ. ನಮ್ಮ ಬುಕ್ಕಸಾಗರದ ಅಂಗನವಾಡಿಗೆ ಗುರುವಾರ ಬಂದ ಲಸಿಕೆ ಡಬ್ಬಿ. ಸಿಸ್ಟರ್ ಮುಖದ ಫೋಟೊ ಬೇಡ ಅಂದ್ರು, ಅದಕ್ಕೆ ಡಬ್ಬಿ ಮಾತ್ರ.

ಅವತ್ತು ಅಕ್ಕನ ಕೂಸಿಗೆ ಒಂಬತ್ತು ತಿಂಗಳ ಇಂಜೆಕ್ಷನ್ ಇತ್ತು. ಭಾವ ಬಾಳೆ ಲೋಡ್ ಮಾಡ್ಸೋಕೆ ಹೋಗಿದ್ರು, ಹಂಗಾಗಿ ಬೈಕ್ ಓಡಿಸೋ ಕೆಲಸ ನನ್ನದು. ನಮ್ಮ ಕ್ಲಾಸಲ್ಲಿ ಸುಮಾರು ಜನರ ಕಥೆ ಇದೇ. ನಮಗೆ ಮಕ್ಕಳಿಲ್ಲ, ಆದ್ರೆ ಅಕ್ಕನ ಮಕ್ಕಳು, ಅಣ್ಣನ ಮಕ್ಕಳನ್ನ ದವಾಖಾನೆಗೆ ಕರ್ಕೊಂಡು ಹೋಗೋರು ನಾವೇ. ತಾಯಿ ಕಾರ್ಡ್ ಕೈಯಲ್ಲಿ ಹಿಡ್ಕೊಂಡು, ಮೊಬೈಲ್ ನೋಡ್ತಾ, ನಮ್ಮ ಪಾಳಿ ಬಂದಾಗ ಕೂಸಿನ ತೊಡೆ ಹಿಡಿದು ಕೊಡ್ತೀವಿ. ಆ ಬಾಟ್ಲಿ ಕಡೆ ಒಂದ್ಸಲ ಕಣ್ಣು ಹಾಯಿಸೋದಿಲ್ಲ.

ನಾನು ಅವತ್ತು ಒಂದೇ ಪ್ರಶ್ನೆ ಕೇಳಿದೆ. ಟೈಟಲ್‌ನಲ್ಲಿ ಇರೋದೇ ಆ ಪ್ರಶ್ನೆ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು "ಏನಪ್ಪ, ಕಾಲೇಜ್ ಓದಿದ ಕೂಡ್ಲೆ ಸಿಸ್ಟರನ್ನೇ ಪರೀಕ್ಷೆ ಮಾಡ್ತೀಯಾ?" ಅಂದ್ರು. ಪರೀಕ್ಷೆ ಅಲ್ಲ ಅಜ್ಜಿ. ಆ ಪ್ರಶ್ನೆ ಯಾಕೆ ಕೇಳಿದೆ, ಬೇರೆ ಪ್ರಶ್ನೆ ಯಾಕೆ ಕೇಳಲಿಲ್ಲ ಅನ್ನೋದೇ ಈ ಸರಣಿ.

2/7

ಮೊದಲು ಬೆಳಗಾವಿ ಜಿಲ್ಲೆಯ ಸುದ್ದಿ. 2022ರ ಜನವರಿ. ರಾಮದುರ್ಗ ತಾಲೂಕಿನ ಸಾಲಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆ, ಅಂದ್ರೆ ಎಂಆರ್ ಹಾಕಿಸ್ಕೊಂಡ ಮೂರು ಕೂಸುಗಳು ತೀರಿಕೊಂಡವು. ಮೂರೂ ಎರಡು ವರ್ಷದ ಒಳಗಿನವು. ಲಸಿಕೆ ಬಾಟ್ಲಿಗಳನ್ನ ಆರೋಗ್ಯ ಕೇಂದ್ರಕ್ಕೆ ವಾಪಸ್ ಕಳಿಸದೆ ಒಂದು ಹೋಟೆಲಿನ ಫ್ರಿಡ್ಜ್‌ನಲ್ಲಿ ಇಟ್ಟಿದ್ರು ಅನ್ನೋದು ಆರಂಭದ ತನಿಖೆಯಲ್ಲಿ ಹೊರಗೆ ಬಂತು. ಇಬ್ಬರು ಸಿಬ್ಬಂದಿ ಅಮಾನತಾದ್ರು.

ಈ ಸುದ್ದಿ ಬಂದಾಗ ಎರಡು ಥರ ಮಾತು ಕೇಳಿದ್ದೆ. ಒಂದು, "ಅದಕ್ಕೇ ನಾವು ಇಂಜೆಕ್ಷನ್ ಹಾಕ್ಸಲ್ಲ." ಇನ್ನೊಂದು, "ಫ್ರಿಡ್ಜ್‌ನಲ್ಲೇ ಇಟ್ಟಿದ್ರಲ್ಲ, ತಣ್ಣಗಿತ್ತಲ್ಲ, ಹಂಗಾದ್ರೆ ಏನಾಯ್ತು?"

ಮೊದಲನೇ ಮಾತಿಗೆ ಆಮೇಲೆ ಬರ್ತೀನಿ. ಎರಡನೇದು ನಿಜವಾಗ್ಲೂ ಒಳ್ಳೆ ಪ್ರಶ್ನೆ. ಅದಕ್ಕೆ ಉತ್ತರ ಗೊತ್ತಾದ್ರೆ ಲಸಿಕೆ ಹೆಂಗೆ ಕೆಡುತ್ತೆ ಅನ್ನೋದು ಅರ್ಧ ಅರ್ಥ ಆದ ಹಾಗೆ.

ಎಂಆರ್ ಲಸಿಕೆ ಬರೋದು ಒಣ ಪುಡಿಯಾಗಿ. ಜೊತೆಗೆ ಬೇರೆ ಸಣ್ಣ ಗಾಜಿನ ಆಂಪೂಲ್‌ನಲ್ಲಿ ಕಲಸೋ ನೀರು ಇರುತ್ತೆ. ಅದೇ ಕಂಪನಿ, ಅದೇ ಲಸಿಕೆಗೆ ಅಂತ ಕೊಟ್ಟ ನೀರೇ ಆಗಬೇಕು. ಸಿಸ್ಟರ್ ಆ ನೀರನ್ನ ಸಿರಿಂಜಿನಲ್ಲಿ ಎಳೆದು ಪುಡಿಗೆ ಸೇರಿಸ್ತಾರೆ. ಒಂದು ಬಾಟ್ಲಿಯಲ್ಲಿ ಐದು ಅಥವಾ ಹತ್ತು ಮಕ್ಕಳಿಗೆ ಆಗುವಷ್ಟು ಲಸಿಕೆ. ಪುಡಿ ಒಣಗಿದ್ದಾಗ ರೋಗಾಣುಗಳು ಅದರಲ್ಲಿ ಬೆಳೆಯೋಕಾಗಲ್ಲ. ಕಲಸಿದ ಮೇಲೆ ಕಥೆ ಬೇರೆ. ಈ ಲಸಿಕೆಯಲ್ಲಿ ಬ್ಯಾಕ್ಟೀರಿಯಾ ಸಾಯಿಸೋ ಸಂರಕ್ಷಕ ಏನೂ ಹಾಕಿರೋದಿಲ್ಲ, ಹಾಕಿದ್ರೆ ಲಸಿಕೆಯ ಜೀವಂತ ವೈರಸ್ಸೇ ಸತ್ತು ಹೋಗುತ್ತೆ. ಹಂಗಾಗಿ ಕಲಸುವಾಗಲೋ, ಸೂಜಿ ಚುಚ್ಚುವಾಗಲೋ ಚರ್ಮದ ಮೇಲಿನ ಒಂದು ಬ್ಯಾಕ್ಟೀರಿಯಾ ಒಳಗೆ ಹೋದ್ರೆ ಅದಕ್ಕೆ ಬೆಳೆಯೋಕೆ ಜಾಗ ಸಿಕ್ಕಿತು. ಸ್ಟೆಫಿಲೊಕಾಕಸ್ ಅನ್ನೋ ಜಾತಿಯದ್ದಾದ್ರೆ ಅದು ವಿಷವನ್ನೂ ಬಿಡುತ್ತೆ. ಆ ದ್ರವ ಕೂಸಿನ ಮೈಗೆ ಹೋದ್ರೆ ಕೆಲವೇ ಗಂಟೆಗಳಲ್ಲಿ ಜೋರು ಜ್ವರ, ವಾಂತಿ, ಭೇದಿ, ಆಮೇಲೆ ಬಿಪಿ ಬಿದ್ದು ಪ್ರಾಣಕ್ಕೇ ಬರಬಹುದು.

ಅದಕ್ಕೆ ನಿಯಮ: ಕಲಸಿದ ನಾಲ್ಕು ಗಂಟೆ ಒಳಗೆ ಬಳಸಬೇಕು, ಇಲ್ಲಾಂದ್ರೆ ಬಿಸಾಕಬೇಕು. ಒಳಗೆ ಎಷ್ಟೇ ಉಳಿದಿದ್ರೂ ಬಿಸಾಕಬೇಕು. ಫ್ರಿಡ್ಜ್‌ನಲ್ಲಿಟ್ಟು ನಾಳೆ ಬಳಸೋ ಹಂಗಿಲ್ಲ. ಹೋಟೆಲಿನ ಫ್ರಿಡ್ಜ್ ಮಾತ್ರ ಅಲ್ಲ, ಪ್ರಪಂಚದ ಯಾವ ಒಳ್ಳೆ ಫ್ರಿಡ್ಜ್ ಆದ್ರೂ ಅಷ್ಟೇ. ತಂಪು ಬ್ಯಾಕ್ಟೀರಿಯಾ ಬೆಳೆಯೋದನ್ನ ನಿಧಾನ ಮಾಡುತ್ತೆ, ಒಳಗೆ ಹೋದದ್ದನ್ನ ಹೊರಗೆ ತೆಗೆಯೋದಿಲ್ಲ.

2017ರ ಮೇ ತಿಂಗಳಲ್ಲಿ ದಕ್ಷಿಣ ಸುಡಾನ್‌ನ ಕಪೊಯೆಟಾ ಕಡೆಯ ಒಂದು ಹಳ್ಳಿಯಲ್ಲಿ ದಡಾರ ಲಸಿಕೆ ಅಭಿಯಾನ ನಡೆದಾಗ 15 ಮಕ್ಕಳು ಸತ್ತರು. ಅಲ್ಲಿ ಲಸಿಕೆ ಕಲಸೋಕೆ ನಾಲ್ಕು ದಿನ ಒಂದೇ ಸಿರಿಂಜ್ ಬಳಸಿದ್ರು, ಬಾಟ್ಲಿಗಳು ತಂಪಿನಲ್ಲೂ ಇರಲಿಲ್ಲ. ಲಸಿಕೆ ತಯಾರಾಗುವಾಗ ಚೆನ್ನಾಗೇ ಇತ್ತು. ಕೆಟ್ಟದ್ದು ಕಲಸಿದ ಮೇಲೆ.

3/7

ಈಗ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ನಾವು ದವಾಖಾನೆಗೆ ಹೋದಾಗ "ಫ್ರಿಡ್ಜ್ ಇದೆಯಾ, ಕರೆಂಟ್ ಹೋಗಿತ್ತಾ" ಅಂತ ಕೇಳ್ತೀವಿ. ಅದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ "ಈ ಬಾಟ್ಲಿ ಎಷ್ಟೊತ್ತಿಗೆ ತೆಗೆದ್ರಿ" ಅನ್ನೋದಾಗಬೇಕು. ಯಾಕಂದ್ರೆ ಬಿಸಿಯಿಂದ ಕೆಟ್ಟ ಲಸಿಕೆ ಸಾಮಾನ್ಯವಾಗಿ ವಿಷ ಆಗೋದಿಲ್ಲ, ಸಪ್ಪೆ ಆಗುತ್ತೆ. ಕೂಸಿಗೆ ಚುಚ್ಚಿದ ನೋವು ಸಿಗುತ್ತೆ, ರಕ್ಷಣೆ ಸಿಗೋದಿಲ್ಲ. ಅದೂ ನಷ್ಟವೇ, ಆದ್ರೆ ಅವತ್ತೇ ಪ್ರಾಣಕ್ಕೆ ಬರೋದಲ್ಲ. ಕಲಸಿ ಹೊತ್ತು ಮೀರಿದ ಬಾಟ್ಲಿ ಪ್ರಾಣಕ್ಕೆ ಬರಬಹುದು.

ಅವತ್ತಿನ ಲೆಕ್ಕ ನೋಡ್ರಿ. ಸಿಸ್ಟರ್ ಬಾಟ್ಲಿ ತಿರುಗಿಸಿ ತೋರಿಸಿದ್ರು. ಲೇಬಲ್ ಮೇಲೆ ಮಾರ್ಕರ್‌ನಲ್ಲಿ ಸಣ್ಣಗೆ "10:10" ಅಂತ ಬರೆದಿತ್ತು. ನಾಲ್ಕು ಗಂಟೆ ಸೇರಿಸಿದ್ರೆ 2:10. ನಾವು ಹೋಗಿದ್ದು ಒಂದು ಗಂಟೆ ಸುಮಾರಿಗೆ. ಸರಿ ಇದೆ. ಬಾಟ್ಲಿ ಬಿಸಿಲಲ್ಲಿ ಇರಲಿಲ್ಲ, ಐಸ್ ಪ್ಯಾಕ್ ಮೇಲೆ ನೆರಳಲ್ಲಿತ್ತು. ಎಂಆರ್ ಮತ್ತು ಬಿಸಿಜಿ ಎರಡಕ್ಕೂ ಬೆಳಕು ಆಗಿಬರೋದಿಲ್ಲ, ಅದಕ್ಕೇ ಆ ಬಾಟ್ಲಿಗಳ ಗಾಜು ಕಂದು ಬಣ್ಣ. ಹೊಸ ಸಿರಿಂಜಿನ ಪ್ಯಾಕೆಟ್ ಅಕ್ಕನ ಎದುರಿಗೇ ಹರಿದ್ರು. ಅದು ಒಂದ್ಸಲ ಒತ್ತಿದ್ರೆ ಲಾಕ್ ಆಗಿ ಮತ್ತೆ ಎಳೆಯೋಕೆ ಬಾರದ ಸಿರಿಂಜ್.

ಈಗ ಕಷ್ಟದ ಕೇಸು. ಎರಡೂಕಾಲಿಗೆ ಕಂಪ್ಲಿ ರೋಡ್ ಕಡೆಯ ತೋಟದಿಂದ ಒಬ್ಬ ತಾಯಿ ಕೂಸನ್ನ ಎತ್ಕೊಂಡು ಬಂದ್ರು ಅಂತಿಟ್ಕೊಳ್ಳಿ. ಬಾಟ್ಲಿಯಲ್ಲಿ ಇನ್ನೂ ಎರಡು ಮಕ್ಕಳಿಗೆ ಆಗುವಷ್ಟಿದೆ. ಐದು ನಿಮಿಷ ಮೀರಿದೆ, ಅಷ್ಟೇ. ಹೊಸ ಬಾಟ್ಲಿ ತೆಗೆದ್ರೆ ಒಂದೇ ಕೂಸಿಗೆ ಬಳಸಿ ಉಳಿದದ್ದು ಬಿಸಾಕಬೇಕು. "ಇರೋದನ್ನೇ ಹಾಕಿ ಸಿಸ್ಟರ್" ಅಂತ ನಾವೇ ಹೇಳ್ತೀವಿ, ಯಾಕಂದ್ರೆ ನಮ್ಮ ಮನೆಗಳಲ್ಲಿ ಉಳಿದ ಅನ್ನ ಬಿಸಾಕೋದು ಪಾಪ. ಲಸಿಕೆಗೆ ಆ ಲೆಕ್ಕ ಬೇಡ. ಒಂದೇ ಕೂಸು ಬಂದ್ರೂ ಹೊಸ ಬಾಟ್ಲಿ ತೆಗೀಬಹುದು ಅನ್ನೋದು ಸರ್ಕಾರದ್ದೇ ಸೂಚನೆ. ಸಿಸ್ಟರ್ ಹಳೇದನ್ನ ಪಕ್ಕಕ್ಕಿಟ್ಟು ಹೊಸದು ತೆಗೆದ್ರೆ "ದುಂದು" ಅಂತ ಗೊಣಗಬೇಡಿ. ಹೊಸ ಬಾಟ್ಲಿ ಇಲ್ಲ, ಮುಂದಿನ ವಾರ ಬನ್ನಿ ಅಂದ್ರೂ ಜಗಳ ಆಡಬೇಡಿ. ತೋಟದಿಂದ ಬಂದ ತಾಯಿಗೆ ಒಂದು ದಿನದ ಕೂಲಿ ಹೋಗುತ್ತೆ, ಗೊತ್ತು. ಆದ್ರೂ ಮುಂದಿನ ವಾರವೇ ಸರಿ.

4/7

ಎಲ್ಲ ಬಾಟ್ಲಿಗೂ ನಾಲ್ಕೇ ಗಂಟೆ ಅಲ್ಲ. ಇಲ್ಲೇ ಜನ ಗಾಬರಿ ಆಗೋದು.

ಒಂದೂವರೆ ತಿಂಗಳಿಗೆ ಹಾಕೋ ಪೆಂಟಾ ಮೊದಲಿಂದಲೇ ದ್ರವ. ಅದರಲ್ಲಿ ಸಂರಕ್ಷಕ ಇದೆ. ಅದನ್ನ ತೆಗೆದ ಮೇಲೂ ಸರಿಯಾದ ತಂಪಿನಲ್ಲಿ, ಸ್ವಚ್ಛವಾಗಿ ಇಟ್ರೆ 28 ದಿನದವರೆಗೆ ಬಳಸಬಹುದು. ಬಾಟ್ಲಿ ಮೇಲೆ ತೆಗೆದ ದಿನಾಂಕ ಮತ್ತು ಹೊತ್ತು ಬರೆದಿರಬೇಕು, ಎಕ್ಸ್‌ಪೈರಿ ಮುಗಿದಿರಬಾರದು, ರಬ್ಬರ್ ಮುಚ್ಚಳ ನೀರಲ್ಲಿ ಮುಳುಗಿರಬಾರದು. ಹಂಗಾಗಿ ಪೆಂಟಾ ಬಾಟ್ಲಿ ಮೇಲೆ ಹೋದ ವಾರದ ದಿನಾಂಕ ಕಂಡ್ರೆ ಸಿಸ್ಟರ್ ಮೇಲೆ ಹಾರಾಡಬೇಡಿ. ಅದು ತಪ್ಪಲ್ಲ. ಎಂಆರ್, ಬಿಸಿಜಿ ಬಾಟ್ಲಿ ಮೇಲೆ ನಿನ್ನೆಯ ದಿನಾಂಕ ಕಂಡ್ರೆ ಮಾತ್ರ ಕೂಸನ್ನ ಎತ್ಕೊಂಡು ಎದ್ದೇಳಿ.

ನೆನಪಿಡೋಕೆ ಸುಲಭ: ಪುಡಿ ಕಲಸಿದ್ದು ಗಂಟೆ ಲೆಕ್ಕ, ದ್ರವವಾಗೇ ಬಂದದ್ದು ದಿನದ ಲೆಕ್ಕ.

5/7

ಈಗ ಬಿಸಿ. ನಮ್ಮೂರಿನ ಏಪ್ರಿಲ್ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಹಂಪಿ ಬಂಡೆಗಳು ರಾತ್ರಿ ಎಂಟಕ್ಕೂ ಬಿಸಿ ಉಗುಳ್ತಿರ್ತವೆ.

ಲಸಿಕೆ ಇರಬೇಕಾದ್ದು 2ರಿಂದ 8 ಡಿಗ್ರಿ ಒಳಗೆ. ಫ್ಯಾಕ್ಟರಿಯಿಂದ ನಮ್ಮ ಅಂಗನವಾಡಿವರೆಗೆ ದಾರಿಯಲ್ಲಿ ಎಲ್ಲೆಲ್ಲಿ ಬಿಸಿ ತಗುಲಿತು ಅಂತ ನಮಗೆ ಗೊತ್ತಾಗೋದು ಹೆಂಗೆ? ಬಾಟ್ಲಿಯೇ ಹೇಳುತ್ತೆ. ಸ್ವೈಪ್ ಮಾಡಿ, ಎರಡನೇ ಫೋಟೊದಲ್ಲಿ ನಾನು ಬಿಡಿಸಿದ ಚಿತ್ರ ಇದೆ. ಸರ್ಕಾರಿ ಲಸಿಕೆ ಬಾಟ್ಲಿ ಮೇಲೆ ನೇರಳೆ ಬಣ್ಣದ ಒಂದು ಸಣ್ಣ ವೃತ್ತ, ಅದರೊಳಗೆ ಒಂದು ಚೌಕ. ಇದಕ್ಕೆ ವಿವಿಎಂ ಅಂತಾರೆ. ಹೊಸದರಲ್ಲಿ ಚೌಕ ಬೆಳ್ಳಗಿರುತ್ತೆ. ಬಿಸಿ ತಗುಲಿದಷ್ಟೂ ಚೌಕ ಕಪ್ಪಾಗ್ತಾ ಹೋಗುತ್ತೆ, ಮತ್ತೆ ತಣ್ಣಗೆ ಇಟ್ರೂ ವಾಪಸ್ ಬೆಳ್ಳಗಾಗಲ್ಲ. ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ರೆ ಬಳಸಬಹುದು. ಎರಡೂ ಒಂದೇ ಬಣ್ಣ ಆದ್ರೆ, ಇಲ್ಲಾ ಚೌಕವೇ ಹೆಚ್ಚು ಕಪ್ಪಾದ್ರೆ, ಬೇಡ.

ಈ ಚೌಕ ಎಲ್ಲ ಲಸಿಕೆಗೂ ಒಂದೇ ವೇಗದಲ್ಲಿ ಕಪ್ಪಾಗಲ್ಲ. ಬಾಯಿಗೆ ಹಾಕೋ ಪೋಲಿಯೊ ಹನಿ ಬಲು ಸೂಕ್ಷ್ಮ, ಅದರ ಚೌಕ 37 ಡಿಗ್ರಿಯಲ್ಲಿ ಎರಡೇ ದಿನಕ್ಕೆ ಬೇಡದ ಹಂತಕ್ಕೆ ಬರುತ್ತೆ. ಹೆಪಟೈಟಿಸ್ ಬಿ ಗಟ್ಟಿ, ಅದೇ ಬಿಸಿಯಲ್ಲಿ ಅದರ ಚೌಕಕ್ಕೆ 30 ದಿನ ಬೇಕು. ಅಂದ್ರೆ ಅರ್ಧ ಗಂಟೆ ಕರೆಂಟ್ ಹೋಯ್ತು ಅಂತ ಬೆಚ್ಚಿಬೀಳಬೇಕಿಲ್ಲ. ಆರೋಗ್ಯ ಕೇಂದ್ರದಲ್ಲಿರೋದು ನಮ್ಮನೆ ಥರದ ಫ್ರಿಡ್ಜ್ ಅಲ್ಲ, ಐಎಲ್‌ಆರ್. ಮೇಲಿಂದ ಬಾಗಿಲು ತೆಗೆಯೋ ಪೆಟ್ಟಿಗೆ, ಗೋಡೆಯೊಳಗೆ ಐಸ್ ಇರುತ್ತೆ, ಕರೆಂಟ್ ಹೋದ್ರೂ ಗಂಟೆಗಟ್ಟಲೆ ತಂಪು ಹಿಡಿಯುತ್ತೆ.

ನನಗೆ ಬಹಳ ಇಷ್ಟವಾದ ವಿಷಯ ಒಂದಿದೆ. ಪೆಂಟಾದಂತ ದ್ರವ ಲಸಿಕೆಯಲ್ಲಿ ಈ ಚೌಕ ಲೇಬಲ್ ಮೇಲಿರುತ್ತೆ. ಎಂಆರ್‌ನಂತ ಪುಡಿ ಲಸಿಕೆಯಲ್ಲಿ ಮುಚ್ಚಳದ ಮೇಲೋ, ಕತ್ತಿನ ಹತ್ರವೋ ಇರುತ್ತೆ. ಮುಚ್ಚಳ ಕಿತ್ತು ಬಿಸಾಕಿದ್ರೆ ಚೌಕವೂ ಹೋಯ್ತು. ಕಲಸಿದ ಮೇಲೆ ಆ ಚೌಕವನ್ನ ನಂಬ್ಕೊಂಡು ಕೂರಬೇಡಿ, ಗಡಿಯಾರ ನೋಡಿ ಅಂತ ಬಾಟ್ಲಿ ಮಾಡಿದೋರೇ ಹೇಳಿದ ಹಾಗೆ.

6/7

ಬಿಸಿಗಿಂತ ಮೋಸ ಮಾಡೋದು ಅತಿ ತಂಪು. ಇದರಲ್ಲಿ ತಪ್ಪು ನಮ್ಮ ಮನೆಯದ್ದೇ, ಹೇಳ್ತೀನಿ.

ಹೋದ ಬೇಸಿಗೆ ಹೊಸಪೇಟೆಯ ಒಂದು ಕ್ಲಿನಿಕ್‌ನಲ್ಲಿ ಅಕ್ಕನ ಕೂಸಿಗೆ ಒಂದು ಲಸಿಕೆಗೆ ಚೀಟಿ ಬರೆದುಕೊಟ್ರು. ಭಾವ ಮೆಡಿಕಲ್ ಶಾಪ್‌ನಿಂದ ತಂದ್ರು, ಮೊದಲೇ ಲಸಿಕೆ ತುಂಬಿದ ಸಿರಿಂಜ್. ಅಷ್ಟರಲ್ಲಿ ಡಾಕ್ಟರ್ ಊಟಕ್ಕೆ ಹೋಗಿದ್ರು, ಸಂಜೆ ಬನ್ನಿ ಅಂದ್ರು. ಭಾವ ಮನೆಗೆ ತಂದು ಫ್ರಿಡ್ಜ್‌ನ ಮೇಲಿನ ಖಾನೆಯಲ್ಲಿ, ಐಸ್ ಆಗೋ ಜಾಗದಲ್ಲಿ ಇಟ್ರು. ಇಷ್ಟು ಬಿಸಿಲು, ಜಾಸ್ತಿ ತಣ್ಣಗಿದ್ರೆ ಜಾಸ್ತಿ ಒಳ್ಳೇದಲ್ವಾ ಅಂತ. ಸಂಜೆ ತೆಗೆದಾಗ ಗಟ್ಟಿಯಾಗಿತ್ತು. ದಾರಿಯಲ್ಲಿ ಕರಗಿತು. ಕ್ಲಿನಿಕ್ ತಲುಪೋ ಹೊತ್ತಿಗೆ ನೋಡಿದ್ರೆ ಏನೂ ಆಗದ ಹಾಗೆ ಇತ್ತು. ಡಾಕ್ಟರ್ "ಎಲ್ಲಿಟ್ಟಿದ್ರಿ" ಅಂತ ಕೇಳಿದ್ದಕ್ಕೆ ಬಚಾವ್. ಸಾವಿರಗಟ್ಟಲೆ ದುಡ್ಡಿನ ಸಿರಿಂಜ್ ಕಸದ ಡಬ್ಬಿಗೆ ಹೋಯ್ತು. ಭಾವ ಒಂದು ವಾರ ಆ ಫ್ರಿಡ್ಜ್ ಜೊತೆ ಮಾತಾಡಲಿಲ್ಲ.

ಆಗೋದು ಏನಂದ್ರೆ, ಪೆಂಟಾ, ಹೆಪಟೈಟಿಸ್ ಬಿ, ನ್ಯುಮೋನಿಯಾದ ಪಿಸಿವಿ, ಟಿಡಿ ಇಂಥ ಲಸಿಕೆಗಳಲ್ಲಿ ಔಷಧದ ಅಂಶ ಅಲ್ಯುಮಿನಿಯಂ ಲವಣದ ಸಣ್ಣ ಸಣ್ಣ ಕಣಗಳಿಗೆ ಅಂಟಿಕೊಂಡಿರುತ್ತೆ. ಸೊನ್ನೆಗಿಂತ ಕೆಳಗೆ ಹೋಗಿ ಹೆಪ್ಪುಗಟ್ಟಿದ್ರೆ ಆ ಕಣಗಳು ಮುದ್ದೆ ಕಟ್ಟುತ್ತವೆ. ಕರಗಿದ ಮೇಲೂ ಮೊದಲಿನ ಹಾಗೆ ಆಗಲ್ಲ. ಹಾಲು ಒಡೆದ ಮೇಲೆ ಮತ್ತೆ ಹಾಲಾಗುತ್ತಾ? ಹಂಗೆ. ವಿವಿಎಂ ಚೌಕ ಇದನ್ನ ಹಿಡಿಯೋದಿಲ್ಲ, ಅದಕ್ಕೆ ಬಿಸಿ ಮಾತ್ರ ಗೊತ್ತು. ಅದೂ ಪ್ರೈವೇಟ್‌ನಲ್ಲಿ ಸಿಗೋ ಎಷ್ಟೋ ಸಿರಿಂಜ್‌ಗಳ ಮೇಲೆ ಆ ಚೌಕವೇ ಇರೋದಿಲ್ಲ.

ನರ್ಸ್‌ಗಳಿಗೆ ಇದಕ್ಕೊಂದು ಪರೀಕ್ಷೆ ಕಲಿಸಿರ್ತಾರೆ. ಅದೇ ಬ್ಯಾಚಿನ ಒಂದು ಬಾಟ್ಲಿಯನ್ನ ಬೇಕಂತಲೇ ಹೆಪ್ಪುಗಟ್ಟಿಸಿ ಕರಗಿಸ್ತಾರೆ. ಅನುಮಾನ ಇರೋ ಬಾಟ್ಲಿಯ ಜೊತೆ ಅದನ್ನೂ ಕುಲುಕಿ ಪಕ್ಕಪಕ್ಕ ಇಡ್ತಾರೆ. ಹೆಪ್ಪುಗಟ್ಟಿಸಿದ್ದರಲ್ಲಿ ಬಿಳಿ ಗಸಿ ಬೇಗ ಕೆಳಗೆ ಕೂರುತ್ತೆ. ಅನುಮಾನದ ಬಾಟ್ಲಿಯೂ ಅಷ್ಟೇ ಬೇಗ ಕೂತ್ರೆ ಅದೂ ಹೋಯ್ತು ಅಂತ. ಇದನ್ನ ನೀವು ಕ್ಲಿನಿಕ್‌ನಲ್ಲಿ ಮಾಡಿಸೋಕೆ ಹೋಗಬೇಡಿ, ಪಾಳಿಯಲ್ಲಿರೋರು ಬಿಡೋದಿಲ್ಲ. ನೀವು ನೋಡಬಹುದಾದ್ದು ಇಷ್ಟೇ: ಪೆಂಟಾ ಬಾಟ್ಲಿ ಕುಲುಕಿದ ಮೇಲೆ ಒಳಗೆಲ್ಲ ಒಂದೇ ಸಮ ಮಜ್ಜಿಗೆ ತಿಳಿಯ ಹಾಗೆ ಕಾಣಬೇಕು. ಕುಲುಕಿದ್ರೂ ಚೂರು ಚೂರು ತೇಲ್ತಿದ್ರೆ ತೋರಿಸಿ ಕೇಳಿ. ಇಟ್ಟಲ್ಲೇ ಇದ್ದ ಬಾಟ್ಲಿಯ ತಳದಲ್ಲಿ ಬಿಳಿ ಗಸಿ ಇರೋದು ಮಾಮೂಲು, ಅದಕ್ಕೆ ಹೆದರಬೇಡಿ.

ಮತ್ತೆ ಮೆಡಿಕಲ್ ಶಾಪ್‌ನಿಂದ ನೀವೇ ತರಬೇಕಾಗಿ ಬಂದ್ರೆ ಡಾಕ್ಟರ್ ಕೂತಿದ್ದಾರಾ ಅಂತ ಮೊದಲು ಫೋನ್ ಮಾಡಿ, ಆಮೇಲೆ ಲಸಿಕೆ ಕೊಳ್ಳಿ, ನೇರ ಹೋಗಿ. ಐಸ್ ಕೊಟ್ರೆ ಲಸಿಕೆಯ ಡಬ್ಬಿಗೆ ಐಸ್ ನೇರ ತಾಗದ ಹಾಗೆ ನಡುವೆ ಪೇಪರ್ ಮಡಚಿ ಇಡಿ. ನೀಲಿ ಡಬ್ಬಿಗೆ ಐಸ್ ಪ್ಯಾಕ್ ಹಾಕೋ ಮುಂಚೆ ಸಿಸ್ಟರ್‌ಗಳೂ ಅದನ್ನ ಹೊರಗಿಟ್ಟು, ಮೈಮೇಲೆ ಬೆವರು ಬಂದು, ಕುಲುಕಿದ್ರೆ ಒಳಗೆ ನೀರಿನ ಸದ್ದು ಕೇಳೋವರೆಗೆ ಕಾಯ್ತಾರೆ. ಕಾರಣ ಇದೇ.

7/7

ಈಗ ಮೊದಲನೇ ಮಾತು, "ಅದಕ್ಕೇ ನಾವು ಹಾಕ್ಸಲ್ಲ." ಸಾಲಹಳ್ಳಿಯ ವಿಡಿಯೊ ಫಾರ್ವರ್ಡ್ ಮಾಡಿ ಈ ಮಾತು ಹೇಳೋರ ಮೇಲೆ ನನಗೆ ಸಿಟ್ಟಿದೆ. ದಡಾರ ಬಂದ ಕೂಸಿಗೆ ನ್ಯುಮೋನಿಯಾ ಆಗುತ್ತೆ, ಕೆಲವೊಮ್ಮೆ ಕಣ್ಣು ಹೋಗುತ್ತೆ, ಪ್ರಾಣವೂ ಹೋಗುತ್ತೆ. ಅಲ್ಲಿ ಅನುಮಾನಕ್ಕೆ ಬಂದಿದ್ದು ಲಸಿಕೆ ಅಲ್ಲ, ಬಾಟ್ಲಿಯನ್ನ ಇಟ್ಟ ರೀತಿ. ಅದನ್ನ ನಿಲ್ಲಿಸೋಕೆ ಲಸಿಕೆ ಬಿಡಬೇಕಿಲ್ಲ, ಲೇಬಲ್ ಓದಿದ್ರೆ ಆಯ್ತು. ಸಾಧ್ಯ ಆದ್ರೆ ಚುಚ್ಚೋ ಮುಂಚೆ ಲೇಬಲ್‌ನ ಒಂದು ಫೋಟೊ ಕೇಳಿ ತಗೊಳ್ಳಿ: ಹೆಸರು, ಬ್ಯಾಚ್, ಎಕ್ಸ್‌ಪೈರಿ, ತೆಗೆದ ಹೊತ್ತು. ದಿನಕ್ಕೆ ಹತ್ತು ರೀಲ್ ಮಾಡೋ ನಮಗೆ ಒಂದು ಫೋಟೊ ಭಾರ ಅಲ್ಲ.

ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು. ಬೈಕ್ ಕೀ ತಿರುಗಿಸ್ತಾ ನಿಲ್ಲಬೇಡಿ, ಅಲರ್ಜಿ ಜೋರಾಗಿ ಬರೋದಾದ್ರೆ ಸಾಮಾನ್ಯವಾಗಿ ಆ ಹೊತ್ತಿನಲ್ಲೇ ಬರೋದು. ಪೆಂಟಾ ಆದ್ಮೇಲೆ ಅವತ್ತು ಸ್ವಲ್ಪ ಜ್ವರ, ತೊಡೆ ಊತ ಸಹಜ. ಎಂಆರ್ ಹಂಗಲ್ಲ, ಅದರ ಜ್ವರ ಬರೋದಿದ್ರೆ ಸಾಮಾನ್ಯವಾಗಿ ಒಂದು ವಾರ ಕಳೆದು ಬರುತ್ತೆ. ಹಂಗಾಗಿ ಎಂಆರ್ ಹಾಕಿಸಿದ ದಿನವೇ ಅಥವಾ ಮರುದಿನವೇ ಜೋರು ಜ್ವರದ ಜೊತೆ ವಾಂತಿ, ಭೇದಿ ಶುರುವಾಗಿ ಕೂಸು ಸುಸ್ತಾಗಿ ಬಿದ್ದುಕೊಂಡ್ರೆ "ಇಂಜೆಕ್ಷನ್ ಜ್ವರ" ಅಂತ ಮನೇಲಿ ಕೂರಬೇಡಿ. ನೇರ ದೊಡ್ಡಾಸ್ಪತ್ರೆಗೆ ಹೋಗಿ, ಆ ಫೋಟೊ ತೋರಿಸಿ, ಆಶಾ ಅಕ್ಕನಿಗೂ ಫೋನ್ ಮಾಡಿ. ಅದೇ ಬಾಟ್ಲಿಯಿಂದ ಹಾಕಿಸ್ಕೊಂಡ ಬೇರೆ ಮಕ್ಕಳು ಊರಲ್ಲಿ ಇರ್ತಾರೆ.

ಸಿಸ್ಟರ್ ಬಗ್ಗೆ ಒಂದು ಮಾತು. ನಾನು ಕೇಳಿದಾಗ ಅವರು ಮುಖ ಗಂಟು ಹಾಕ್ಕೊಳ್ಳಲಿಲ್ಲ. ದಿನವಿಡೀ ಕೂಸುಗಳ ಅಳು ಕೇಳಿ, ರಿಜಿಸ್ಟರ್ ಬರೆದು, ಸಂಜೆ ಉಳಿದ ಬಾಟ್ಲಿಗಳನ್ನ ವಾಪಸ್ ಕಳಿಸೋ ತನಕ ಅವರ ಕೆಲಸ ಮುಗಿಯಲ್ಲ. ಆ ಡಬ್ಬಿ ಸಂಜೆ ವಾಪಸ್ ಹೋಗುತ್ತಾ ಅನ್ನೋದನ್ನ ತಾಯಿ ತಂದೆ ನಿಂತು ನೋಡೋಕಾಗಲ್ಲ, ಅದಕ್ಕೆ ಗಾಡಿ, ಜನ ಕೊಡಬೇಕಾದ್ದು ಇಲಾಖೆ. ಅಮಾನತು ಮಾಡೋದು ಒಂದು ದಿನದ ಕೆಲಸ, ಪ್ರತಿ ಗುರುವಾರ ಡಬ್ಬಿ ವಾಪಸ್ ಬರೋ ಹಾಗೆ ನೋಡೋದು ವರ್ಷವಿಡೀ ಮಾಡೋ ಕೆಲಸ.

"10:10" ಅನ್ನೋದು ಅಷ್ಟು ಸಣ್ಣಗೆ, ಮಸುಕಾಗಿ ಯಾಕೆ ಬರೆದಿದ್ರಿ ಅಂತಲೂ ಕೇಳಿದೆ. "ಮಾರ್ಕರ್ ಒಣಗಿ ಹೋಗಿದೆಪ್ಪ, ಎರಡು ವಾರ ಆಯ್ತು" ಅಂದ್ರು. ಕಮಲಾಪುರದ ಅಂಗಡಿಯಿಂದ ಎರಡು ತಂದಿಟ್ಟಿದ್ದೀನಿ. ಗುರುವಾರ ಕೊಡ್ತೀನಿ.

#ಬುಕ್ಕಸಾಗರ #ಲಸಿಕೆ #ಗುರುವಾರ